ರಿಟ್ ಅರ್ಜಿಯ ಅಂತಿಮ ವಿಚಾರಣೆಗೆ ಲಿಖಿತ ವಾದ: ನೋಟಿಸು, ಆದೇಶ, ಆಕ್ಷೇಪಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು

ಪ್ರಶ್ನೆ: ನಾನು ಕಾರ್ಕಳ ತಾಲ್ಲೂಕಿನವನು. ನನ್ನ ನ್ಯಾಯಬೆಲೆ ಅಂಗಡಿಯ ಪರವಾನಗಿಯನ್ನು 2022ರ ಆಗಸ್ಟಿನಲ್ಲಿ ರದ್ದು ಮಾಡಿದರು. ತಪಾಸಣೆಯ ದಿನ ಎರಡೂವರೆ ಕ್ವಿಂಟಾಲ್ ಅಕ್ಕಿ ಕಡಿಮೆ ಇತ್ತು ಎಂದು ನೋಟಿಸು ಬಂದಿತ್ತು. ಮಾಡು ಸೋರುತ್ತಿದ್ದುದರಿಂದ ಐದು ಮೂಟೆಗಳನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದ್ದೆ ಎಂದು ಉತ್ತರ ಕೊಟ್ಟಿದ್ದೆ. ಹೈಕೋರ್ಟಿನ ತಡೆಯಾಜ್ಞೆಯಿಂದ ಅಂಗಡಿ ನಡೆಯುತ್ತಿದೆ. ಈಗ ಅರ್ಜಿ ಅಂತಿಮ ವಿಚಾರಣೆಗೆ ಬಂದಿದ್ದು, ಲಿಖಿತ ವಾದ ಸಲ್ಲಿಸಲು ನ್ಯಾಯಾಲಯ ಹೇಳಿದೆ. ವಕೀಲರು ಎಂಟು ಪುಟ ಸಾಕು ಎನ್ನುತ್ತಾರೆ. ನನಗೆ ಅದು ಬಹಳ ಕಡಿಮೆ ಅನಿಸುತ್ತದೆ. ಕಾರ್ಡುದಾರರು ನನ್ನ ಪರವಾಗಿ ಬರೆದುಕೊಟ್ಟ ಪತ್ರಗಳಿವೆ, ಕೋಣೆಯ ಫೋಟೋಗಳಿವೆ. ತಪಾಸಣೆಗೆ ಬಂದವರಿಗೆ ನನ್ನ ಮೇಲಿದ್ದ ದ್ವೇಷದ ಬಗ್ಗೆಯೂ ಬರೆಯಬೇಕು. ಮೇಲ್ಮನವಿ ಹಾಕದೆ ನೇರವಾಗಿ ಹೈಕೋರ್ಟಿಗೆ ಬಂದದ್ದು ತಪ್ಪು ಎಂದು ಸರ್ಕಾರ ಹೇಳುತ್ತಿದೆ. ಇಷ್ಟು ವರ್ಷದ ಮೇಲೆ ಅದೊಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗಬಹುದೇ? ಆದೇಶ, ನೋಟಿಸು ಎಲ್ಲದರ ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ಪ್ರತಿಗಳನ್ನು ಪೂರ್ತಿ ಓದಿದ್ದೇನೆ. ನಿಮ್ಮ ವಕೀಲರು ಹೇಳಿದ ಎಂಟು ಪುಟದ ಲೆಕ್ಕ ಸರಿಯಾಗಿಯೇ ಇದೆ. ಆ ಎಂಟು ಪುಟಗಳಲ್ಲಿ ಏನು ಬರಬೇಕೆಂದು ತಿಳಿದುಕೊಂಡರೆ ಪುಟ ಕಡಿಮೆಯಾಯಿತೆಂಬ ನಿಮ್ಮ ಆತಂಕ ತಾನಾಗಿ ಹೋಗುತ್ತದೆ ಎಂದುಕೊಂಡಿದ್ದೇನೆ. ಮೊದಲು ಪತ್ರಗಳ ಮತ್ತು ಫೋಟೋಗಳ ವಿಷಯವನ್ನು ಎತ್ತಿಕೊಳ್ಳುತ್ತೇನೆ. ನಮ್ಮ ಜಿಲ್ಲೆಗಳ ಕಕ್ಷಿದಾರರು ನನ್ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆಯೂ ಅದೇ.

ಲಿಖಿತ ವಾದವೆಂದರೆ ಕೊನೆಯ ಅವಕಾಶದಲ್ಲಿ ಉಳಿದದ್ದನ್ನೆಲ್ಲ ಹೇಳಿಬಿಡುವ ಜಾಗ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿಜವಲ್ಲ. ಈಗಾಗಲೇ ಕಡತದಲ್ಲಿ ಇರುವ ಸಂಗತಿಗಳಿಂದ ಯಾವ ಕಾನೂನಿನ ತೀರ್ಮಾನ ಹೊರಡುತ್ತದೆ ಎಂಬುದನ್ನು ತೋರಿಸುವುದಷ್ಟೇ ಅದರ ಕೆಲಸ. ಹೊಸ ಸಂಗತಿಯನ್ನು ಕಡತಕ್ಕೆ ಸೇರಿಸುವ ಶಕ್ತಿ ಅದಕ್ಕಿಲ್ಲ. ಭರತ್ ಸಿಂಗ್ ವಿರುದ್ಧ ಹರಿಯಾಣ ರಾಜ್ಯ ಎಂಬ 1988ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿದೆ: ಸಿವಿಲ್ ದಾವೆಯಲ್ಲಿ ಸಂಗತಿಗಳನ್ನು ಹೇಳಿಕೊಂಡು ಸಾಕ್ಷ್ಯವನ್ನು ಆಮೇಲೆ ಕೊಡಬಹುದು, ಆದರೆ ರಿಟ್ ಅರ್ಜಿಯಲ್ಲಿ ಸಂಗತಿಯೂ ಅದಕ್ಕೆ ಆಧಾರವಾದ ದಾಖಲೆಯೂ ಅರ್ಜಿಯ ಜೊತೆಯಲ್ಲೇ, ಇಲ್ಲವೇ ಪ್ರಮಾಣಪತ್ರದ ಜೊತೆಯಲ್ಲೇ ಬಂದಿರಬೇಕು. ನಿಮ್ಮ ಕಾರ್ಡುದಾರರ ಪತ್ರಗಳನ್ನು ಲಿಖಿತ ವಾದಕ್ಕೆ ಪಿನ್ ಹೊಡೆದು ಕೊಟ್ಟರೆ ಎದುರಿನ ಹೆಚ್ಚುವರಿ ಸರ್ಕಾರಿ ವಕೀಲರು ಎದ್ದುನಿಂತು ಒಂದೇ ವಾಕ್ಯದಲ್ಲಿ ಆಕ್ಷೇಪಿಸುತ್ತಾರೆ, ಮತ್ತು ಆ ಆಕ್ಷೇಪ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಹೆಚ್ಚುವರಿ ದಾಖಲೆಗಳಿಗೆ ಅನುಮತಿ ಕೋರಿ, ಪ್ರಮಾಣಪತ್ರದೊಡನೆ ಪ್ರತ್ಯೇಕ ಅರ್ಜಿ ಹಾಕಬಹುದಲ್ಲ ಎಂದು ನೀವು ಕೇಳಬಹುದು. ದಾರಿ ಇದೆ, ಆದರೆ ನಿಮ್ಮ ಪ್ರಕರಣದಲ್ಲಿ ನಾನದನ್ನು ಸಲಹೆ ಮಾಡುವುದಿಲ್ಲ. ಆ ಪತ್ರಗಳು ಒಳಗೆ ಬಂದ ಕ್ಷಣದಿಂದ ಚರ್ಚೆ ಅಕ್ಕಿ ನಿಜವಾಗಿ ಪಕ್ಕದ ಕೋಣೆಯಲ್ಲಿತ್ತೇ ಇಲ್ಲವೇ ಎಂಬುದರ ಕಡೆಗೆ ತಿರುಗುತ್ತದೆ. ಸರ್ಕಾರ ಮಹಜರನ್ನು ಮುಂದಿಡುತ್ತದೆ, ನೀವು ಫೋಟೋ ಮುಂದಿಡುತ್ತೀರಿ. ವಿವಾದಿತ ಸಂಗತಿಗಳನ್ನು ಸಾಕ್ಷಿ ವಿಚಾರಣೆಯಿಲ್ಲದೆ ತೀರ್ಮಾನಿಸಲು ರಿಟ್ ನ್ಯಾಯಾಲಯ ಸಾಮಾನ್ಯವಾಗಿ ಒಪ್ಪುವುದಿಲ್ಲ, ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗಿ ಎನ್ನುವುದಕ್ಕೆ ಅದೇ ಸುಲಭದ ಕಾರಣವಾಗುತ್ತದೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್ ಪರೀಕ್ಷಿಸುವುದು ಮುಖ್ಯವಾಗಿ ಅಧಿಕಾರಿ ಆ ತೀರ್ಮಾನಕ್ಕೆ ಬಂದ ಬಗೆಯನ್ನು. ನಿಮ್ಮ ಕಡತದಲ್ಲಿ ಗಟ್ಟಿಯಾದ ಅಂಶವಿರುವುದೂ ಅಲ್ಲಿಯೇ, ಮತ್ತು ಅದನ್ನು ತೋರಿಸಲು ಹೊಸದೊಂದು ಕಾಗದವೂ ಬೇಕಾಗಿಲ್ಲ.

ಅದನ್ನು ಕಾಣಬೇಕಾದರೆ ಮೂರು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕು: 4-7-2022ರ ಕಾರಣ ಕೇಳುವ ನೋಟಿಸು, 2-8-2022ರ ರದ್ದತಿ ಆದೇಶ ಮತ್ತು ಹೈಕೋರ್ಟಿನಲ್ಲಿ ಸರ್ಕಾರ ಸಲ್ಲಿಸಿದ ಆಕ್ಷೇಪಣಾ ಹೇಳಿಕೆ. ನೋಟಿಸಿನಲ್ಲಿ ಇರುವ ಆರೋಪ ಒಂದೇ, ದಾಸ್ತಾನಿನ ಕೊರತೆ. ಕೊನೆಯ ಸಾಲಿನಲ್ಲಿ “ನಿಮ್ಮ ಮೇಲೆ ಏಕೆ ಸೂಕ್ತ ಕ್ರಮ ಕೈಗೊಳ್ಳಬಾರದು” ಎಂದು ಕೇಳಲಾಗಿದೆ, ರದ್ದತಿಯ ಮಾತು ಎಲ್ಲಿಯೂ ಇಲ್ಲ. ಆದೇಶಕ್ಕೆ ಬಂದರೆ ದಾಸ್ತಾನಿನ ಕೊರತೆಯ ಜೊತೆಗೆ “ಕೆಲವು ಪಡಿತರದಾರರಿಂದ ಸರಿಯಾಗಿ ವಿತರಣೆ ಆಗುತ್ತಿಲ್ಲವೆಂಬ ದೂರುಗಳು ಸ್ವೀಕೃತವಾಗಿರುತ್ತವೆ” ಎಂಬ ಎರಡನೆಯ ಕಾರಣ ಸೇರಿಕೊಂಡಿದೆ. ಆ ದೂರುಗಳ ಪ್ರತಿ ನಿಮಗೆ ಎಂದೂ ಸಿಕ್ಕಿಲ್ಲ. ಆಕ್ಷೇಪಣಾ ಹೇಳಿಕೆಯ 9ನೇ ಪ್ಯಾರಾದಲ್ಲಿ ಮೂರನೆಯದು ಹುಟ್ಟಿದೆ, ಹಿಂದೆಯೂ ಒಮ್ಮೆ ನಿಮಗೆ ಎಚ್ಚರಿಕೆ ನೀಡಲಾಗಿತ್ತು ಎಂಬುದು. ಅಂದರೆ ನೋಟಿಸಿನಲ್ಲಿ ಒಂದು ಕಾರಣ, ಆದೇಶದಲ್ಲಿ ಎರಡು, ನ್ಯಾಯಾಲಯದಲ್ಲಿ ಮೂರು. ಲಿಖಿತ ವಾದದ ಮೊದಲ ಪುಟದಲ್ಲೇ ಇದನ್ನು ಮೂರು ಕಾಲಮಿನ ಒಂದು ಸಣ್ಣ ಪಟ್ಟಿಯಾಗಿ, ಪ್ರತಿಯೊಂದರ ಎದುರು ಕಡತದ ಪುಟಸಂಖ್ಯೆ ನಮೂದಿಸಿ ಕೊಟ್ಟರೆ, ನ್ಯಾಯಮೂರ್ತಿಗಳು ಪ್ರಕರಣವನ್ನು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ. ನಿಮ್ಮ ವಾದದ ಉಳಿದೆಲ್ಲ ಭಾಗವೂ ಈ ಪಟ್ಟಿಯ ಮೇಲೆಯೇ ನಿಲ್ಲಬೇಕು.

ಮೂರನೆಯ ಕಾರಣವನ್ನು ಮೊದಲು ನೋಡೋಣ, ಏಕೆಂದರೆ ಅದನ್ನು ಎದುರಿಸುವುದು ಎಲ್ಲಕ್ಕಿಂತ ಸುಲಭ. ಶಾಸನಬದ್ಧ ಅಧಿಕಾರಿ ಕಾರಣಗಳನ್ನು ಕೊಟ್ಟು ಆದೇಶ ಮಾಡಿದರೆ, ಆ ಆದೇಶದ ಸಿಂಧುತ್ವವನ್ನು ಅದರಲ್ಲೇ ಬರೆದಿರುವ ಕಾರಣಗಳಿಂದ ಅಳೆಯಬೇಕು, ಆಮೇಲೆ ಪ್ರಮಾಣಪತ್ರದ ಮೂಲಕ ಹೊಸ ಕಾರಣಗಳನ್ನು ತುಂಬಿಸಲಾಗದು ಎಂದು ಮೊಹಿಂದರ್ ಸಿಂಗ್ ಗಿಲ್ ವಿರುದ್ಧ ಮುಖ್ಯ ಚುನಾವಣಾ ಆಯುಕ್ತ ಎಂಬ, 1978ರಲ್ಲಿ ವರದಿಯಾದ ಸಂವಿಧಾನ ಪೀಠದ ತೀರ್ಪು ಹೇಳುತ್ತದೆ. ಅದಕ್ಕೂ ಮೊದಲೇ 1964ರಲ್ಲಿ ವರದಿಯಾದ, ನಮ್ಮದೇ ರಾಜ್ಯದಿಂದ ಹೋದ ಮೈಸೂರು ರಾಜ್ಯ ವಿರುದ್ಧ ಕೆ. ಮಂಚೇಗೌಡ ಪ್ರಕರಣವೂ ಇಲ್ಲಿ ನೆರವಿಗೆ ಬರುತ್ತದೆ: ಶಿಕ್ಷೆಗೆ ಹಿಂದಿನ ನಡವಳಿಕೆಯನ್ನು ಆಧಾರ ಮಾಡಿಕೊಳ್ಳುವುದಾದರೆ ಅದನ್ನು ನೋಟಿಸಿನಲ್ಲೇ ತಿಳಿಸಿರಬೇಕು. ಅದು ಸರ್ಕಾರಿ ನೌಕರನೊಬ್ಬನ ಪ್ರಕರಣವಾದ್ದರಿಂದ ನೇರವಾಗಿ ಅನ್ವಯಿಸುತ್ತದೆಂದು ಬರೆಯಬಾರದು. ಅದರ ಹಿಂದಿನ ತತ್ವ ಪರವಾನಗಿಗೂ ಸಲ್ಲುತ್ತದೆ ಎಂದಷ್ಟೇ ಬರೆಯಬೇಕು.

ಇಲ್ಲಿಯೇ ಪ್ರತಿಕೂಲ ತೀರ್ಪೊಂದನ್ನು ಹೇಳಬೇಕು. 2010ರಲ್ಲಿ ರೈಲ್ವೆ ನೇಮಕಾತಿ ಮಂಡಳಿ ಮತ್ತು ಕೆ. ಶ್ಯಾಮ್ ಕುಮಾರ್ ನಡುವಿನ ಪ್ರಕರಣದಲ್ಲಿ, ವಿಶಾಲ ಸಾರ್ವಜನಿಕ ಹಿತ ಅಡಗಿರುವಲ್ಲಿ ನಂತರ ದೊರೆತ ಸಾಮಗ್ರಿಯನ್ನೂ ನೋಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ವಕೀಲರು ಪಡಿತರ ವಿತರಣೆಯೂ ಸಾರ್ವಜನಿಕ ಹಿತವೇ ಅಲ್ಲವೇ ಎಂದು ಇದನ್ನು ಹಿಡಿದುಕೊಳ್ಳುವುದು ಬಹುತೇಕ ಖಚಿತ. ಆದ್ದರಿಂದ ಅವರು ಹೇಳುವ ಮೊದಲೇ ನೀವು ಅದನ್ನು ಎತ್ತಿ ಉತ್ತರಿಸಬೇಕು: ಅದು ಲಿಖಿತ ಪರೀಕ್ಷೆಯೊಂದರಲ್ಲಿ ನಡೆದ ಸಾಮೂಹಿಕ ಅಕ್ರಮದ ಪ್ರಕರಣ, ಅಲ್ಲಿ ತನಿಖೆಯ ವರದಿಗಳಿದ್ದವು, ಇಲ್ಲಿ ಎಚ್ಚರಿಕೆ ಪತ್ರ ಆದೇಶಕ್ಕಿಂತ ಹಳೆಯದು, ಅಧಿಕಾರಿಯ ಕೈಯಲ್ಲೇ ಇತ್ತು, ಆದರೂ ಆದೇಶದಲ್ಲಿ ಅದರ ಉಲ್ಲೇಖವಿಲ್ಲ. ಪ್ರತಿಕೂಲ ತೀರ್ಪನ್ನು ಮುಚ್ಚಿಟ್ಟ ಲಿಖಿತ ವಾದ ನ್ಯಾಯಪೀಠದ ವಿಶ್ವಾಸವನ್ನು ಒಮ್ಮೆ ಕಳೆದುಕೊಂಡರೆ ಉಳಿದ ಪುಟಗಳಲ್ಲಿರುವ ಒಳ್ಳೆಯ ಅಂಶಗಳಿಗೂ ಬೆಲೆ ಸಿಗುವುದಿಲ್ಲ. ವೃತ್ತಿಯಲ್ಲಿ ನಾನು ಬಹಳ ಗಟ್ಟಿಯಾಗಿ ನಂಬಿರುವ ಸಂಗತಿಗಳಲ್ಲಿ ಇದೊಂದು.

ಎರಡನೆಯ ಕಾರಣ, ಅಂದರೆ ನಿಮಗೆ ತೋರಿಸದ ದೂರುಗಳು, ನಿಮ್ಮ ಪ್ರಕರಣದ ಜೀವಾಳ. ಇದನ್ನು ಬರೆಯುವಾಗ ಬಹಳ ಜನ ಒಂದು ಹೆಜ್ಜೆ ಮುಂಚೆಯೇ ನಿಂತುಬಿಡುತ್ತಾರೆ. “ದೂರಿನ ಪ್ರತಿ ಕೊಡಲಿಲ್ಲ, ಆದ್ದರಿಂದ ಸಹಜ ನ್ಯಾಯದ ಉಲ್ಲಂಘನೆಯಾಗಿದೆ, ಆದ್ದರಿಂದ ಆದೇಶ ರದ್ದಾಗಬೇಕು” ಎಂದು ಬರೆದು ಹತ್ತು ತೀರ್ಪುಗಳನ್ನು ಪೇರಿಸುತ್ತಾರೆ. ಈಗ ಅಷ್ಟು ಸಾಲದು. ಉತ್ತರ ಪ್ರದೇಶ ರಾಜ್ಯ ವಿರುದ್ಧ ಸುಧೀರ್ ಕುಮಾರ್ ಸಿಂಗ್ ಎಂಬ 2020ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಿಂದಿನ ತೀರ್ಪುಗಳನ್ನೆಲ್ಲ ಪರಿಶೀಲಿಸಿ, ಸಹಜ ನ್ಯಾಯದ ಉಲ್ಲಂಘನೆ ಮಾತ್ರದಿಂದಲೇ ತೊಂದರೆಯಾಯಿತೆಂದು ಊಹಿಸಲಾಗದು, ನಿಜವಾಗಿ ಏನು ಬಾಧಕವಾಯಿತೆಂದು ಕಾಣಬೇಕು ಎಂದು ಹೇಳಿದೆ. ಆದ್ದರಿಂದ ನಿಮ್ಮ ಲಿಖಿತ ವಾದ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡಬೇಕು: ಆ ದೂರುಗಳನ್ನು ನಿಮಗೆ ಕೊಟ್ಟಿದ್ದರೆ ನೀವು ಏನು ಹೇಳುತ್ತಿದ್ದಿರಿ, ಅದರಿಂದ ಏನು ಬದಲಾಗಬಹುದಿತ್ತು?

ನಿಮ್ಮ ವ್ಯವಹಾರದ ಸ್ವರೂಪವೇ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ. ಪಡಿತರ ಕೊಡುವಾಗ ಕಾರ್ಡುದಾರರ ಬೆರಳಚ್ಚು ಪಡೆದು ಪಿಒಎಸ್ ಯಂತ್ರದಲ್ಲಿ ವಿತರಣೆ ದಾಖಲಾಗುತ್ತದೆ. ಯಾವ ಕಾರ್ಡಿಗೆ, ಯಾವ ತಿಂಗಳು, ಎಷ್ಟು ಕಿಲೋ ಎಂಬ ವಿವರ ಇಲಾಖೆಯ ದತ್ತಾಂಶದಲ್ಲೇ ಇರುತ್ತದೆ. ದೂರು ಯಾರದು, ಯಾವ ತಿಂಗಳಿನದು ಎಂಬುದು ಗೊತ್ತಾಗಿದ್ದರೆ ಆ ಕಾರ್ಡಿನ ವಿತರಣಾ ವಿವರವನ್ನು ತೋರಿಸಿ ದೂರನ್ನು ಒಂದೊಂದಾಗಿ ಎದುರಿಸಲು ಸಾಧ್ಯವಿತ್ತು; ಹೆಸರಿಲ್ಲದ, ತಿಂಗಳಿಲ್ಲದ “ಕೆಲವು ದೂರು”ಗಳಿಗೆ ಉತ್ತರ ಕೊಡುವುದು ಯಾರಿಗೂ ಸಾಧ್ಯವಿಲ್ಲ. ಈ ವಾದಕ್ಕೂ ಹೊಸ ದಾಖಲೆ ಬೇಡ ಎಂಬುದನ್ನು ಗಮನಿಸಿ. ದೂರಿನ ಪ್ರತಿ ನೀಡಿಲ್ಲವೆಂದು ನಿಮ್ಮ ಅರ್ಜಿಯ 12ನೇ ಪ್ಯಾರಾದಲ್ಲಿ ಹೇಳಿದ್ದೀರಿ, ಆಕ್ಷೇಪಣಾ ಹೇಳಿಕೆಯಲ್ಲಿ ಅದನ್ನು ನಿರಾಕರಿಸಿಲ್ಲ. ನಿರಾಕರಿಸದೇ ಉಳಿದ ಆ ಮಾತನ್ನು ಎರಡೂ ಪ್ಯಾರಾಗಳ ಸಂಖ್ಯೆ ಕೊಟ್ಟು ಎತ್ತಿ ತೋರಿಸಬೇಕು.

ನೋಟಿಸಿನಲ್ಲಿ ರದ್ದತಿಯ ಪ್ರಸ್ತಾಪವೇ ಇರಲಿಲ್ಲ ಎಂಬುದೂ ಇದರ ಪಕ್ಕದಲ್ಲೇ ಬರುವ ಅಂಶ. ಗೂರ್ಖಾ ಸೆಕ್ಯುರಿಟಿ ಸರ್ವೀಸಸ್ ಪ್ರಕರಣದಲ್ಲಿ, 2014ರಲ್ಲಿ, ಗುತ್ತಿಗೆದಾರನನ್ನು ಕಪ್ಪುಪಟ್ಟಿಗೆ ಸೇರಿಸುವ ಮೊದಲು ನೋಟಿಸಿನಲ್ಲಿ ಆರೋಪದ ಜೊತೆಗೆ ಉದ್ದೇಶಿತ ಕ್ರಮವನ್ನೂ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿನಲ್ಲಿ, ನೋಟಿಸನ್ನು ಓದಿದವನಿಗೆ ಅಂಥ ಕ್ರಮವೇ ಉದ್ದೇಶವೆಂದು ಸ್ಪಷ್ಟವಾಗಿ ತಿಳಿಯುವಂತಿದ್ದರೆ ಸಾಕು ಎಂಬ ವಿನಾಯಿತಿಯೂ ಇದೆ. “ಸೂಕ್ತ ಕ್ರಮ” ಎಂಬ ಸಾಲಿನಿಂದ ದಂಡವೇ, ಅಮಾನತೇ, ರದ್ದತಿಯೇ ಎಂಬುದು ತಿಳಿಯುವುದಿಲ್ಲ ಎಂದು ಒಂದು ಪ್ಯಾರಾದಲ್ಲಿ ಹೇಳಿ ಮುಂದೆ ಹೋಗಬೇಕು. ಇದನ್ನೇ ಮುಖ್ಯ ವಾದ ಮಾಡಿಕೊಳ್ಳುವುದು ಬೇಡ.

ಇನ್ನು ಮೊದಲನೆಯ ಕಾರಣ. ದಾಸ್ತಾನಿನ ಕೊರತೆ ನೋಟಿಸಿನಲ್ಲಿಯೂ ಇತ್ತು, ಆದೇಶದಲ್ಲಿಯೂ ಇದೆ. ಹಾಗಾಗಿ ಸರ್ಕಾರಕ್ಕೆ ಅತ್ಯಂತ ಭದ್ರವಾದ ನೆಲೆ ಇದೇ. ನಿಮ್ಮ ಉತ್ತರ 11-7-2022ರದು. ಅದರಲ್ಲಿ ಮಳೆ, ಸೋರುವ ಮಾಡು, ಪಕ್ಕದ ಕೋಣೆ, ಐದು ಮೂಟೆ ಎಲ್ಲವನ್ನೂ ಹೇಳಿದ್ದೀರಿ, ಕೋಣೆಯನ್ನು ಬಂದು ಪರಿಶೀಲಿಸಬಹುದು ಎಂದೂ ಕೇಳಿಕೊಂಡಿದ್ದೀರಿ. ಆದೇಶದಲ್ಲಿ ಇದಕ್ಕೆ ಸಿಕ್ಕ ಉತ್ತರ ಒಂದೇ ಸಾಲು: “ಸದರಿಯವರು ನೀಡಿರುವ ಸಮಜಾಯಿಷಿಯು ಸಮಾಧಾನಕರವಾಗಿರುವುದಿಲ್ಲ.” ಕಚೇರಿಯ ಕಡತಗಳನ್ನು ಓದಿದವರಿಗೆಲ್ಲ ಈ ಸಾಲು ಪರಿಚಿತ. ಅದು ತೀರ್ಮಾನವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಐದು ಮೂಟೆ ಅಲ್ಲಿರಲಿಲ್ಲ ಎಂದೋ, ಅಂಗಡಿಯ ಹೊರಗೆ ದಾಸ್ತಾನು ಇಡುವುದೇ ಷರತ್ತಿನ ಉಲ್ಲಂಘನೆ ಎಂದೋ, ಪಕ್ಕದ ಕೋಣೆಯನ್ನು ಅಂದೇ ಏಕೆ ತೋರಿಸಲಿಲ್ಲ ಎಂದೋ ಅಧಿಕಾರಿ ಬರೆಯಬಹುದಿತ್ತು, ಯಾವುದನ್ನೂ ಬರೆದಿಲ್ಲ. ಎಸ್.ಎನ್. ಮುಖರ್ಜಿ ವಿರುದ್ಧ ಭಾರತ ಒಕ್ಕೂಟ ಎಂಬ 1990ರ ಸಂವಿಧಾನ ಪೀಠದ ತೀರ್ಪು ಮತ್ತು 2010ರ ಕ್ರಾಂತಿ ಅಸೋಸಿಯೇಟ್ಸ್ ತೀರ್ಪು ಇಲ್ಲಿಗೆ ಸಾಕು.

ಆದರೆ ನಿಮ್ಮ ಉತ್ತರದ ಕೊನೆಯಲ್ಲಿ “ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಈ ಬಾರಿ ಮನ್ನಿಸಬೇಕು” ಎಂಬ ಸಾಲಿದೆ. ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯಿಲ್ಲ, ಆದರೆ ಆಕ್ಷೇಪಣಾ ಹೇಳಿಕೆಯ ಅರ್ಧ ಭಾಗ ಅದರ ಮೇಲೆಯೇ ನಿಂತಿದೆ. ತಪ್ಪೊಪ್ಪಿಗೆ ಇರುವಾಗ ಸಹಜ ನ್ಯಾಯದ ಮಾತೆಲ್ಲಿಂದ ಬಂತು ಎಂದು ಸರ್ಕಾರ ಕೇಳುತ್ತಿದೆ. ಸುಧೀರ್ ಕುಮಾರ್ ಸಿಂಗ್ ತೀರ್ಪಿನಲ್ಲಿಯೂ, ಒಪ್ಪಿಕೊಂಡ ಸಂಗತಿಯ ಬಗ್ಗೆ ಬಾಧಕದ ವಾದ ನಿಲ್ಲುವುದಿಲ್ಲ ಎಂಬರ್ಥದ ಮಾತಿರುವುದರಿಂದ ಈ ಸಾಲನ್ನು ನಿರ್ಲಕ್ಷಿಸುವುದು ಅಪಾಯಕಾರಿ. ಉತ್ತರವನ್ನು ಇಡಿಯಾಗಿ ಓದಿದರೆ ನೀವು ಒಪ್ಪಿಕೊಂಡದ್ದು ಮೂಟೆಗಳನ್ನು ಬೇರೆಡೆ ಇಟ್ಟದ್ದನ್ನು, ಅಕ್ಕಿ ಕಡಿಮೆಯಿತ್ತೆಂಬುದನ್ನಾಗಲಿ ಮಾರಿಕೊಂಡದ್ದನ್ನಾಗಲಿ ಅಲ್ಲ. ಈ ಎರಡರ ನಡುವಿನ ಅಂತರವನ್ನು ಲಿಖಿತ ವಾದದಲ್ಲಿ ಉತ್ತರದ ಪೂರ್ಣ ಪ್ಯಾರಾವನ್ನೇ ಎತ್ತಿ ಬರೆದು ತೋರಿಸಬೇಕು. ಅರ್ಧ ಸಾಲನ್ನು ಮಾತ್ರ ಎತ್ತಿದರೆ ನೀವೂ ಅದೇ ತಪ್ಪು ಮಾಡಿದಂತಾಗುತ್ತದೆ.

ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ ನಿಮ್ಮ ವಕೀಲರು ಇಂಗ್ಲಿಷಿನಲ್ಲಿಯೇ ಬರೆಯುತ್ತಾರೆ. ಅವರು ಬರೆದದ್ದರ ಜೊತೆ ಹೋಲಿಸಿ ನೋಡಲು ಅನುಕೂಲವಾಗಲೆಂದು, ಒಂದು ಪ್ಯಾರಾ ಹೇಗಿರಬೇಕೆಂಬುದನ್ನು ಕನ್ನಡದಲ್ಲಿ ಕೊಡುತ್ತೇನೆ:

“ಅನುಬಂಧ-ಎ ನೋಟಿಸಿನಲ್ಲಿ (ಪುಟ 21) ದಾಸ್ತಾನಿನ ಕೊರತೆಯೊಂದೇ ಆರೋಪ. ಅನುಬಂಧ-ಸಿ ಆದೇಶದ ಎರಡನೆಯ ಪ್ಯಾರಾ (ಪುಟ 28) ಪಡಿತರದಾರರ ದೂರುಗಳನ್ನೂ ಆಧಾರವಾಗಿಸಿಕೊಂಡಿದೆ. ದೂರಿನ ಪ್ರತಿಗಳನ್ನು ನೀಡಿಲ್ಲವೆಂಬ ಅರ್ಜಿಯ 12ನೇ ಪ್ಯಾರಾವನ್ನು ಆಕ್ಷೇಪಣಾ ಹೇಳಿಕೆಯಲ್ಲಿ ನಿರಾಕರಿಸಿಲ್ಲ. ಪ್ರತಿಗಳನ್ನು ನೀಡಿದ್ದಲ್ಲಿ, ಸಂಬಂಧಪಟ್ಟ ಕಾರ್ಡುಗಳ ಪಿಒಎಸ್ ವಿತರಣಾ ವಿವರದಿಂದ ಅವುಗಳಿಗೆ ಉತ್ತರಿಸಲು ಅರ್ಜಿದಾರರಿಗೆ ಸಾಧ್ಯವಿತ್ತು. ಎರಡು ಕಾರಣಗಳಲ್ಲಿ ಯಾವುದು ರದ್ದತಿಗೆ ಕಾರಣವಾಯಿತೆಂದು ಆದೇಶದಿಂದ ಬೇರ್ಪಡಿಸಿ ತಿಳಿಯಲಾಗದು. ಆದ್ದರಿಂದ ಇಡೀ ಆದೇಶ ದೂಷಿತವಾಗಿದೆ.”

ಕೊನೆಯ ವಾಕ್ಯ ಮುಖ್ಯವಾದದ್ದು. ಅದಿಲ್ಲದಿದ್ದರೆ ದೂರಿನ ಕಾರಣವನ್ನು ಬಿಟ್ಟರೂ ದಾಸ್ತಾನಿನ ಕಾರಣ ಉಳಿಯುತ್ತದಲ್ಲ ಎಂದು ಸರ್ಕಾರ ಹೇಳಬಹುದು. ಈ ಪ್ಯಾರಾದಲ್ಲಿ ವಿಶೇಷಣಗಳಿಲ್ಲ. ಅಧಿಕಾರಿಯನ್ನು ನಿಂದಿಸುವ ಮಾತಿಲ್ಲ. ಪ್ರತಿ ಹೇಳಿಕೆಗೂ ಒಂದು ಪುಟವೋ ಪ್ಯಾರಾವೋ ಆಧಾರವಾಗಿದೆ. ಇಂಥ ಎಂಟು ಹತ್ತು ಪ್ಯಾರಾಗಳಾದರೆ ನಿಮ್ಮ ವಾದ ಮುಗಿಯುತ್ತದೆ. ಪ್ರತಿ ಅಂಶಕ್ಕೂ ಒಂದು, ಹೆಚ್ಚೆಂದರೆ ಎರಡು ತೀರ್ಪು ಸಾಕು. ತೀರ್ಪು ಎಷ್ಟು ಹೆಚ್ಚಿದ್ದರೆ ಅಷ್ಟು ಬಲ ಎಂಬುದೂ ತಪ್ಪು ನಂಬಿಕೆಯೇ. ಒಂದೇ ಮಾತಿಗೆ ಏಳು ತೀರ್ಪುಗಳನ್ನು ಕೊಟ್ಟರೆ ಅವುಗಳಲ್ಲಿ ಒಂದರ ಸಂಗತಿಗಳು ನಿಮಗೆ ವಿರುದ್ಧವಾಗಿರುವ ಸಾಧ್ಯತೆಯೇ ಹೆಚ್ಚುತ್ತದೆ.

ದ್ವೇಷದ ಆರೋಪದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಧಿಕಾರಿಯ ದುರುದ್ದೇಶವನ್ನು ಆರೋಪಿಸುವುದಾದರೆ ಅವರನ್ನು ಹೆಸರಿಟ್ಟು ವೈಯಕ್ತಿಕವಾಗಿ ಪ್ರತಿವಾದಿಯನ್ನಾಗಿ ಮಾಡಿರಬೇಕು, ವಿವರಗಳನ್ನು ಅರ್ಜಿಯಲ್ಲೇ ಹೇಳಿರಬೇಕು. ನಿಮ್ಮ ಅರ್ಜಿಯಲ್ಲಿ ಎರಡೂ ಇಲ್ಲ. ನಿಮಗೆ ಆಗಿರುವ ನೋವು ನಿಜವಿರಬಹುದು, ಆದರೆ ಈ ಹಂತದಲ್ಲಿ ಅದನ್ನು ಬರೆದರೆ ಕಾಗದಪತ್ರಗಳಿಂದಲೇ ಸಿದ್ಧವಾಗುವ ಪ್ರಕರಣವನ್ನು ಸಿದ್ಧಪಡಿಸಲಾಗದ ಆರೋಪಕ್ಕೆ ಕಟ್ಟಿಹಾಕಿದಂತಾಗುತ್ತದೆ. ಬಿಟ್ಟುಬಿಡಿ.

ಮೇಲ್ಮನವಿಯ ಪ್ರಶ್ನೆಯ ಬಗ್ಗೆ ನಿಮ್ಮ ಆತಂಕಕ್ಕೆ ಆಧಾರವಿದೆ. ಅರ್ಜಿ ದಾಖಲಾಗಿ, ತಡೆಯಾಜ್ಞೆ ಸಿಕ್ಕು ಇಷ್ಟು ಕಾಲವಾದ ಮೇಲೆ ಆ ಆಕ್ಷೇಪ ಸತ್ತಂತೆಯೇ ಎಂದು ಊರಿನಲ್ಲಿ ಯಾರಾದರೂ ಹೇಳಿದ್ದರೆ ಅದನ್ನು ಪೂರ್ತಿ ನಂಬಬೇಡಿ. ಅರ್ಜಿಯನ್ನು ಸ್ವೀಕರಿಸಿ ಗುಣಾವಗುಣಗಳ ಮೇಲೆ ಕೇಳಿದ ನಂತರ ಪರ್ಯಾಯ ಪರಿಹಾರದ ಕಾರಣಕ್ಕೆ ವಜಾ ಮಾಡುವುದು ಸರಿಯಲ್ಲವೆಂದು ಹೃದಯ ನಾರಾಯಣ್ ವಿರುದ್ಧ ಆದಾಯ ತೆರಿಗೆ ಅಧಿಕಾರಿ ಎಂಬ 1970ರ ತೀರ್ಪು ಹೇಳುತ್ತದೆ, ನಿಜ. ಆದರೆ 2008ರಲ್ಲಿ ಉತ್ತರ ಪ್ರದೇಶ ರಾಜ್ಯ ಖನಿಜ ವಿಕಾಸ ನಿಗಮದ ಕಾರ್ಮಿಕರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಒಮ್ಮೆ ಸ್ವೀಕರಿಸಿದ ಅರ್ಜಿಯನ್ನು ಆ ಕಾರಣಕ್ಕೆ ಎಂದೂ ವಜಾ ಮಾಡಲಾಗದು ಎಂಬುದು ನಿಯಮವಲ್ಲ ಎಂದಿದೆ. ಎರಡನ್ನೂ ಒಪ್ಪಿಕೊಂಡೇ ಬರೆಯಬೇಕು.

ನಿಮ್ಮ ನಿಜವಾದ ರಕ್ಷಣೆ ಇರುವುದು ವರ್ಲ್‌ಪೂಲ್ ಕಾರ್ಪೊರೇಷನ್ ಪ್ರಕರಣದ 1998ರ ತೀರ್ಪಿನಲ್ಲಿ, ಮತ್ತು ಅದನ್ನು ಮತ್ತೆ ಸ್ಪಷ್ಟಪಡಿಸಿದ ರಾಧಾ ಕೃಷನ್ ಇಂಡಸ್ಟ್ರೀಸ್ ವಿರುದ್ಧ ಹಿಮಾಚಲ ಪ್ರದೇಶ ರಾಜ್ಯ ಎಂಬ 2021ರ ತೀರ್ಪಿನಲ್ಲಿ. ಸಹಜ ನ್ಯಾಯದ ಉಲ್ಲಂಘನೆಯಾಗಿದ್ದರೆ ಮೇಲ್ಮನವಿಯ ಅವಕಾಶವಿದ್ದರೂ ಹೈಕೋರ್ಟ್ ಮಧ್ಯಪ್ರವೇಶಿಸಬಹುದು. ಹಾಗಾಗಿ ಮೇಲ್ಮನವಿಯ ಉತ್ತರ ತೋರಿಸದ ದೂರುಗಳ ವಾದದ ಮೇಲೆಯೇ ನಿಂತಿದೆ. ಆ ವಾದ ಮಸುಕಾದರೆ ಇದೂ ಮಸುಕಾಗುತ್ತದೆ. ಕಾರ್ಡುದಾರರ ಪತ್ರಗಳನ್ನು ತರಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಇದು ಎರಡನೆಯ ಕಾರಣ.

ಇಷ್ಟಾದರೂ ನ್ಯಾಯಪೀಠ ನಿಮ್ಮನ್ನು ಮೇಲ್ಮನವಿಗೆ ಕಳುಹಿಸಬಹುದೆಂಬ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಪರ್ಯಾಯ ಕೋರಿಕೆಯನ್ನೂ ಬರೆದಿಡಬೇಕು. ಅದರಲ್ಲಿ ಮೂರು ಸಂಗತಿಗಳು ಬರಬೇಕು: ಇಲ್ಲಿ ಅರ್ಜಿ ಬಾಕಿಯಿದ್ದ ಕಾಲವನ್ನು ಮೇಲ್ಮನವಿಯ ಕಾಲಮಿತಿಯಿಂದ ಕಳೆಯಬೇಕು, ಮೇಲ್ಮನವಿ ಸಲ್ಲಿಸುವವರೆಗೆ ಈಗಿನ ಮಧ್ಯಂತರ ಆದೇಶ ಕೆಲವು ವಾರ ಮುಂದುವರಿಯಬೇಕು, ಮತ್ತು ಎಲ್ಲ ವಾದಗಳೂ ಮುಕ್ತವಾಗಿ ಉಳಿಯಬೇಕು. ಪರ್ಯಾಯ ಕೋರಿಕೆ ಬರೆದರೆ ದುರ್ಬಲರಾದಂತೆ ಕಾಣುತ್ತೇವೆಂದು ಕಕ್ಷಿದಾರರು ಹಿಂಜರಿಯುವುದುಂಟು. ಅದನ್ನು ಬರೆಯದ ಕಾರಣ, ಅರ್ಜಿ ವಿಲೇವಾರಿಯಾದ ಮರುದಿನವೇ ಅಂಗಡಿಗೆ ಬೀಗ ಬಿದ್ದು, ಮೇಲ್ಮನವಿಯ ಅವಧಿಯೂ ಮೀರಿಹೋಗಿ ಪರದಾಡಿದ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಗೆದ್ದರೆ ಏನಾಗುತ್ತದೆ ಎಂಬುದನ್ನೂ ಈಗಲೇ ತಿಳಿದುಕೊಳ್ಳಿ. ಸಹಜ ನ್ಯಾಯದ ಕಾರಣಕ್ಕೆ ಆದೇಶ ರದ್ದಾದಾಗ ಸಾಮಾನ್ಯವಾಗಿ ಪ್ರಕರಣ ಅದೇ ಅಧಿಕಾರಿಗೆ ಮರುಪರಿಶೀಲನೆಗೆ ಹಿಂತಿರುಗುತ್ತದೆ. ನೀವು ನಿರ್ದೋಷಿ ಎಂಬ ಪ್ರಮಾಣಪತ್ರ ಸಿಗುವುದಿಲ್ಲ. ಆದ್ದರಿಂದ ಬರೀ “ಅನುಬಂಧ-ಸಿ ರದ್ದುಪಡಿಸಬೇಕು” ಎಂದು ಕೋರಿ ನಿಲ್ಲಿಸಬಾರದು. ಹಿಂತಿರುಗಿಸುವುದಾದರೆ ದೂರುಗಳ ಮತ್ತು ಮಹಜರಿನ ಪ್ರತಿಗಳೊಡನೆ ಹೊಸ ನೋಟಿಸು ಕೊಡಬೇಕು, ಉತ್ತರಕ್ಕೆ ಸಮಯ ಮತ್ತು ಖುದ್ದು ವಿಚಾರಣೆ ಇರಬೇಕು, ಕಾರಣಸಹಿತ ಆದೇಶಕ್ಕೆ ಇಂತಿಷ್ಟು ವಾರವೆಂಬ ಮಿತಿ ಇರಬೇಕು, ಅಲ್ಲಿಯವರೆಗೆ ಅಂಗಡಿ ನಡೆಯಬೇಕು ಎಂದು ಸ್ಪಷ್ಟವಾಗಿ ಕೋರಬೇಕು. ಕಾರ್ಡುದಾರರ ಪತ್ರಗಳಿಗೂ ಫೋಟೋಗಳಿಗೂ ಸರಿಯಾದ ಜಾಗ ಆಗ ಸಿಗುತ್ತದೆ; ಅವುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎರಡೂವರೆ ಕ್ವಿಂಟಾಲಿನ ವ್ಯತ್ಯಾಸಕ್ಕೆ ಶಾಶ್ವತ ರದ್ದತಿ ವಿಪರೀತವಾಯಿತೆಂಬ ವಾದವನ್ನು ಕೊನೆಯಲ್ಲಿ ಒಂದು ಪ್ಯಾರಾದಲ್ಲಿ ಹೇಳಿದರೆ ಸಾಕು, ಏಕೆಂದರೆ ಶಿಕ್ಷೆಯ ಪ್ರಮಾಣದ ಚರ್ಚೆ ಉದ್ದವಾದಷ್ಟೂ ತಪ್ಪು ನಡೆದಿದೆ ಎಂಬುದನ್ನು ನೀವೇ ಒಪ್ಪಿಕೊಂಡಂತೆ ಕೇಳಿಸುತ್ತದೆ.

ಸಲ್ಲಿಸುವ ಕ್ರಮದ ಬಗ್ಗೆ ಎರಡು ಮಾತು. ಸಿವಿಲ್ ದಾವೆಗಳಲ್ಲಿ ಲಿಖಿತ ವಾದಕ್ಕೆ ಸಂಹಿತೆಯಲ್ಲೇ ಅವಕಾಶವಿದೆ; ರಿಟ್‌ನಲ್ಲಿ ಅದು ನ್ಯಾಯಪೀಠದ ಅನುಮತಿಯಿಂದ ನಡೆಯುವ ಕೆಲಸ, ಹಾಗಾಗಿ ಪೀಠ ಕೊಟ್ಟ ದಿನಾಂಕವೇ ಅಂತಿಮ. ಪ್ರತಿಯನ್ನು ಮೊದಲು ಸರ್ಕಾರಿ ವಕೀಲರಿಗೆ ಕೊಟ್ಟು, ಕೊಟ್ಟ ಬಗ್ಗೆ ಸಹಿ ಪಡೆದು, ಮೆಮೊದೊಂದಿಗೆ ಸಲ್ಲಿಸಬೇಕು. ತೀರ್ಪು ಕಾಯ್ದಿರಿಸಿದ ಮೇಲೆ, ಎದುರಿನವರಿಗೆ ತಿಳಿಸದೆ, ಇನ್ನೊಂದಷ್ಟು ಅಂಶ ಸೇರಿಸಿ ಕೊಡುವುದಕ್ಕೆ ಯಾವ ಕಾರಣಕ್ಕೂ ಒತ್ತಾಯಿಸಬೇಡಿ. ಘಟ್ಟ ಹತ್ತಿ ಬೆಂಗಳೂರಿಗೆ ಪದೇಪದೇ ಹೋಗಲಾಗದ ನಮ್ಮ ಕಡೆಯವರು ಎಲ್ಲವನ್ನೂ ಫೋನಿನಲ್ಲೇ ಮುಗಿಸುವುದರಿಂದ ಕರಡನ್ನು ಕಣ್ಣಾರೆ ಓದುವುದಿಲ್ಲ. ನೀವು ತರಿಸಿಕೊಂಡು ಓದಿ. ದಿನಾಂಕ, ಮೂಟೆಯ ಲೆಕ್ಕ, ಪುಟಸಂಖ್ಯೆ, ಕನ್ನಡದ ಮೂಲದಲ್ಲಿರುವಂತೆಯೇ ಆದೇಶದ ಸಾಲುಗಳು ಬಂದಿವೆಯೇ ಎಂಬುದನ್ನು ಪರಿಶೀಲಿಸಲು ನಿಮಗಿಂತ ಅರ್ಹರು ಬೇರೆ ಇಲ್ಲ.

ತೀರ್ಪಿನ ದಿನ ನಿಮ್ಮ ವಕೀಲರು ಹಾಜರಿರುವಂತೆ ನೋಡಿಕೊಳ್ಳಿ. ಅರ್ಜಿ ವಜಾಗೊಂಡರೆ ಮಧ್ಯಂತರ ಆದೇಶವೂ ಅದರೊಡನೆ ಮುಗಿಯುತ್ತದೆ. ಏಕಸದಸ್ಯ ಪೀಠದ ತೀರ್ಪಿನ ಮೇಲೆ ಕರ್ನಾಟಕ ಹೈಕೋರ್ಟ್ ಅಧಿನಿಯಮ, 1961ರ 4ನೇ ಕಲಮಿನಡಿ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಸಲ್ಲಿಸಲು 30 ದಿನಗಳ ಅವಧಿಯಿದೆ. ಆ ಅವಧಿಯವರೆಗಾದರೂ ಮಧ್ಯಂತರ ಆದೇಶವನ್ನು ಮುಂದುವರಿಸಬೇಕೆಂದು ತೀರ್ಪು ಓದಿದ ತಕ್ಷಣ ಅಲ್ಲಿಯೇ ಮೌಖಿಕವಾಗಿ ಕೋರಬೇಕು.